ಮನೆಮಂದಿಗೆಲ್ಲ ಕಜ್ಜಿ ಚಿಕಿತ್ಸೆ: ಯಾರಿಗೆ ಯಾವ ಔಷಧಿ, ಬಟ್ಟೆಗೆ ಯಾವ ದಾರಿ

ಮನೆಯಲ್ಲಿ ಒಬ್ಬರಿಗೆ ಕಜ್ಜಿ ಅಂತ ವೈದ್ಯರು ಹೇಳಿದ ಮೇಲೆ ಔಷಧಿ ಅಂಗಡಿಗೆ ಬರುವವರ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. ಕ್ರೀಮ್ ಒಳ್ಳೆಯದಾ, ಮಾತ್ರೆನಾ? ಲೋಷನ್ ಬಾಟಲಿ ಅಗ್ಗಕ್ಕೆ ಸಿಗುತ್ತೆ, ಅದು ಸಾಲದಾ? ಹಸುಗೂಸಿಗೆ ಏನು ಹಚ್ಚೋದು? ಹಾಸಿಗೆ ಬಟ್ಟೆಯನ್ನೆಲ್ಲ ಕುದಿಸಬೇಕಾ? ಕೌಂಟರಿನ ಈಚೆ ನಿಂತು ದಿನಾ ಇದಕ್ಕೆ ಉತ್ತರ ಹೇಳುತ್ತೇನೆ. ಎರಡು ನಿಮಿಷದಲ್ಲಿ ಹೇಳಿ ಮುಗಿಯುವ ವಿಷಯ ಅಲ್ಲ, ಅದಕ್ಕೇ ಬರೆದಿಟ್ಟೆ.

ಔಷಧಿಯ ಮಾತಿಗೆ ಮೊದಲು ಹುಳದ ಲೆಕ್ಕ ಸ್ವಲ್ಪ ಗೊತ್ತಿರಬೇಕು. ಆಯ್ಕೆಯೆಲ್ಲ ಅದರ ಮೇಲೇ ನಿಂತಿದೆ. ಕಜ್ಜಿಯ ಹೆಣ್ಣು ಹುಳ ಅರ್ಧ ಮಿಲಿಮೀಟರಿಗಿಂತ ಚಿಕ್ಕದು. ಚರ್ಮದ ಮೇಲ್ಪದರದಲ್ಲಿ ಸುರಂಗ ಕೊರೆಯುತ್ತ ದಿನಕ್ಕೆ ಎರಡು ಮೂರು ಮೊಟ್ಟೆ ಇಡುತ್ತದೆ. ಮೂರು ನಾಲ್ಕು ದಿನಕ್ಕೆ ಮೊಟ್ಟೆ ಒಡೆಯುತ್ತದೆ. ಮರಿ ಬೆಳೆದು ತಾನೂ ಮೊಟ್ಟೆ ಇಡೋಕೆ ಸುಮಾರು 10ರಿಂದ 14 ದಿನ ಬೇಕು. ಮಾಮೂಲಿ ಕಜ್ಜಿಯಲ್ಲಿ ಒಬ್ಬರ ಮೈಮೇಲೆ ಇರುವ ಹುಳ ಬರೀ 10–15. ಮೈಯೆಲ್ಲ ಕೆರೆಯುವುದಕ್ಕೆ ಕಾರಣ ಹುಳದ ಸಂಖ್ಯೆ ಅಲ್ಲ, ಹುಳ ಮತ್ತದರ ಹಿಕ್ಕೆಗೆ ಮೈ ತೋರಿಸುವ ಅಲರ್ಜಿ.

ಆ ಅಲರ್ಜಿ ಮೊದಲ ಸಲ ಹುಟ್ಟೋಕೆ ಮೂರರಿಂದ ಆರು ವಾರ ಹಿಡಿಯುತ್ತದೆ. ಅಷ್ಟು ದಿನ ಹುಳ ಮೈಮೇಲಿದ್ದರೂ ಒಂದು ಚೂರೂ ಕೆರೆಯುವುದಿಲ್ಲ, ಆದರೆ ಇನ್ನೊಬ್ಬರಿಗೆ ಹರಡುತ್ತದೆ. 'ನನಗೇನೂ ಇಲ್ಲಪ್ಪ, ನನಗ್ಯಾಕೆ ಕ್ರೀಮು' ಅನ್ನುವ ಒಬ್ಬರು ಪ್ರತಿ ಮನೆಯಲ್ಲೂ ಇರುತ್ತಾರಲ್ವಾ? ತಿಂಗಳ ನಂತರ ಕಜ್ಜಿ ವಾಪಸ್ ಬರುವುದು ಹೆಚ್ಚಾಗಿ ಅವರಿಂದಲೇ.

ಯಾವುದನ್ನು ನೋಡಿ ಆರಿಸಬೇಕು

ಮೊದಲನೆಯದು, ಯಾರಿಗೆ ಅನ್ನೋದು. ಎರಡು ತಿಂಗಳೊಳಗಿನ ಮಗು, ಬಸುರಿ, ಹಾಲೂಡಿಸುವ ತಾಯಿ, 15 ಕಿಲೋಗಿಂತ ಕಡಿಮೆ ತೂಕದ ಮಕ್ಕಳು, ತೀರಾ ವಯಸ್ಸಾದವರು: ಇವರಿಗೆ ಎಲ್ಲ ಔಷಧಿಯೂ ಆಗುವುದಿಲ್ಲ. ಎರಡನೆಯದು, ಅದನ್ನು ಸರಿಯಾಗಿ ಹಚ್ಚೋಕೆ ಎಷ್ಟು ರಾತ್ರಿ ಬೇಕು, ಹಚ್ಚಿಕೊಡುವವರು ಇದ್ದಾರಾ ಅನ್ನೋದು. ಮೂರನೆಯದು ಖರ್ಚು. ಖರ್ಚನ್ನು ಒಬ್ಬರ ಲೆಕ್ಕದಲ್ಲಿ ನೋಡಬೇಡಿ, ಮನೆಯ ಅಷ್ಟೂ ಜನ, ಎರಡು ಸುತ್ತು, ಹೀಗೆ ನೋಡಿ. ಅರ್ಧ ಮನೆಗೆ ದುಬಾರಿ ಕ್ರೀಮ್ ಹಚ್ಚುವುದಕ್ಕಿಂತ ಇಡೀ ಮನೆಗೆ ಒಂದೇ ರಾತ್ರಿ ಅಗ್ಗದ ಲೋಷನ್ ಹಚ್ಚಿದರೆ ಫಲ ಜಾಸ್ತಿ. ಇದು ನನ್ನ ಖಚಿತ ಅಭಿಪ್ರಾಯ.

ಒಂದೇ ರಾತ್ರಿ ಅಂದರೆ ನಿಜಕ್ಕೂ ಒಂದೇ ರಾತ್ರಿ. ಇವತ್ತು ಮಗನಿಗೆ, ನಾಳಿದ್ದು ಅಪ್ಪನಿಗೆ ಅಂದರೆ ಹುಳ ಇವರಿಂದ ಅವರಿಗೆ, ಅವರಿಂದ ಇವರಿಗೆ ಓಡಾಡಿಕೊಂಡೇ ಇರುತ್ತದೆ.

ಪರ್ಮೆಥ್ರಿನ್ ಶೇಕಡಾ 5ರ ಕ್ರೀಮ್

ಹೆಚ್ಚಿನ ಮನೆಗಳಿಗೆ ನಾನು ಮೊದಲು ಹೇಳುವುದು ಇದನ್ನೇ. ಎರಡು ತಿಂಗಳು ದಾಟಿದ ಮಗುವಿನಿಂದ ಹಿಡಿದು ಅಜ್ಜಿಯವರೆಗೆ ಹಚ್ಚಬಹುದು. ಬಸುರಿಯರಿಗೂ ವೈದ್ಯರು ಸಾಮಾನ್ಯವಾಗಿ ಇದನ್ನೇ ಬರೆಯುತ್ತಾರೆ. ಉರಿ ಕಡಿಮೆ, ವಾಸನೆ ಇಲ್ಲ, ಒಂದು ಸುತ್ತಿಗೆ ಒಂದೇ ರಾತ್ರಿ ಸಾಕು. ಕೊರತೆ ಎಂದರೆ ಟ್ಯೂಬ್ ಬೇಗ ಖಾಲಿಯಾಗುತ್ತದೆ, ದೊಡ್ಡ ಮನೆಗೆ ಬಿಲ್ ಏರುತ್ತದೆ.

ಕೊಳ್ಳುವಾಗ ಡಬ್ಬಿಯ ಮೇಲಿನ ಅಂಕಿ ಓದಿ. ಶೇಕಡಾ 1ರ ಪರ್ಮೆಥ್ರಿನ್ ಕೂಡ ಸಿಗುತ್ತದೆ, ಅದು ತಲೆಹೇನಿಗೆ. ಕಜ್ಜಿಗೆ ಅದರ ಶಕ್ತಿ ಸಾಲದು. ಹೆಸರು ಒಂದೇ ಆದ್ದರಿಂದ ಜನ ಇಲ್ಲಿ ಎಡವುತ್ತಾರೆ.

ಇನ್ನು ಹಚ್ಚುವ ಕ್ರಮ. ಅರ್ಧಕ್ಕರ್ಧ ಕಡೆ ಔಷಧಿ ಸರಿಯಿದ್ದೂ ಹಚ್ಚಿದ್ದು ಸರಿಯಿರುವುದಿಲ್ಲ, ಅದಕ್ಕೇ ಇದನ್ನು ಬಿಡಿಸಿ ಹೇಳುತ್ತೇನೆ. ಮೊದಲು ಉಗುರು ಕತ್ತರಿಸಿ. ಹಚ್ಚುವ ಮುನ್ನ ಬಿಸಿನೀರ ಸ್ನಾನ ಬೇಡ, ಮೈ ತಣ್ಣಗೆ, ಒಣಗಿರಬೇಕು. ಬಳೆ, ಉಂಗುರ, ವಾಚು ತೆಗೆದಿಡಿ. ಕುತ್ತಿಗೆಯಿಂದ ಶುರು ಮಾಡಿ ಅಂಗಾಲಿನವರೆಗೆ, ತುರಿಕೆ ಇರಲಿ ಬಿಡಲಿ, ಒಂದಿಂಚೂ ಬಿಡದೆ ತೆಳ್ಳಗೆ ಹಚ್ಚಬೇಕು. ಕೆರೆಯುವ ಜಾಗಕ್ಕೆ ಮಾತ್ರ ಹಚ್ಚಿದರೆ ಹಚ್ಚದಂತೆಯೇ ಲೆಕ್ಕ. ಜನ ಬಿಟ್ಟುಬಿಡುವ ಜಾಗಗಳು ನನಗೆ ಬಾಯಿಪಾಠ: ಬೆರಳ ಸಂದಿ, ಕಂಕುಳು, ಹೊಕ್ಕುಳ ಒಳಗೆ, ಮೊಲೆಯ ಕೆಳಗಿನ ಮಡಿಕೆ, ತೊಡೆಸಂದು, ಗುಪ್ತಾಂಗದ ಮೇಲೆ, ಕುಂಡಿಯ ನಡುವಿನ ಸೀಳು, ಹಿಮ್ಮಡಿ, ಬೆನ್ನಿನ ನಡುಭಾಗ. ಉಗುರಿನ ಅಡಿಗೆ ಹಳೆಯ ಟೂತ್‌ಬ್ರಷ್‌ನಲ್ಲಿ ಚೂರು ಕ್ರೀಮ್ ತೆಗೆದುಕೊಂಡು ಉಜ್ಜಿ, ಆಮೇಲೆ ಆ ಬ್ರಷ್ ಬಿಸಾಕಿ. ಬೆನ್ನಿಗೆ ಇನ್ನೊಬ್ಬರು ಹಚ್ಚಿಕೊಡಲೇಬೇಕು.

ಎರಡು ವರ್ಷದೊಳಗಿನ ಮಕ್ಕಳಿಗೆ, ವಯಸ್ಸಾದವರಿಗೆ, ರೋಗನಿರೋಧಕ ಶಕ್ತಿ ಕುಗ್ಗಿದವರಿಗೆ ತಲೆ, ಮುಖ, ಕಿವಿಯ ಹಿಂಭಾಗಕ್ಕೂ ಹಚ್ಚಬೇಕು. ಕಣ್ಣು, ಬಾಯಿಯ ಸುತ್ತ ಬಿಡಿ. ಮಗು ಕೈ ಚೀಪುತ್ತಿದ್ದರೆ ರಾತ್ರಿ ತೆಳುವಾದ ಹತ್ತಿಯ ಕೈಗವಸು ತೊಡಿಸಿ.

ಮೈಮೇಲೆ 8ರಿಂದ 14 ಗಂಟೆ ಇರಬೇಕು. ರಾತ್ರಿ 9ಕ್ಕೆ ಹಚ್ಚಿ ಬೆಳಗ್ಗೆ 7ಕ್ಕೆ ತೊಳೆದರೆ 10 ಗಂಟೆ ಆಯಿತು. ನಡುವೆ ಕೈ ತೊಳೆದರೆ ಕೈಗೆ ಮತ್ತೆ ಹಚ್ಚಬೇಕು. ಶೌಚಾಲಯಕ್ಕೆ ಹೋಗಿ ಬಂದು ಸೋಪು ಹಾಕಿ ಕೈ ತೊಳೆದು ಸುಮ್ನೆ ಮಲಗಿದರೆ, ಹುಳ ಹೆಚ್ಚಾಗಿ ಇರುವ ಬೆರಳ ಸಂದಿಯೇ ಖಾಲಿ ಉಳಿಯಿತು ಅಂತಾಯಿತು.

ಏಳು ದಿನಕ್ಕೆ ಎರಡನೇ ಸುತ್ತು. ಇದನ್ನು ಬಿಡುವವರೇ ಜಾಸ್ತಿ. ಮೊದಲ ಸುತ್ತಿನಲ್ಲಿ ಹುಳ ಸತ್ತರೂ ಕೆಲವು ಮೊಟ್ಟೆ ಉಳಿಯಬಹುದು. ಏಳನೇ ದಿನದ ಹೊತ್ತಿಗೆ ಅವೆಲ್ಲ ಒಡೆದು ಮರಿಯಾಗಿರುತ್ತವೆ, ಆದರೆ ಮರಿ ಇನ್ನೂ ಮೊಟ್ಟೆ ಇಡುವಷ್ಟು ಬೆಳೆದಿರುವುದಿಲ್ಲ. ಆ ಸಂದಿನಲ್ಲೇ ಹೊಡೆಯಬೇಕು. ಮೂರನೇ ದಿನವೇ ಹಚ್ಚಿದರೆ ಒಡೆಯದ ಮೊಟ್ಟೆ ತಪ್ಪಿಸಿಕೊಳ್ಳುತ್ತದೆ, ಮೂರು ವಾರ ಬಿಟ್ಟು ಹಚ್ಚಿದರೆ ಹೊಸ ಸಂಸಾರ ಶುರುವಾಗಿರುತ್ತದೆ.

ಬೆಂಜೈಲ್ ಬೆಂಜೊಯೇಟ್ ಲೋಷನ್

ಸಾಮಾನ್ಯವಾಗಿ ಪರ್ಮೆಥ್ರಿನ್‌ಗಿಂತ ಅಗ್ಗ. ದೊಡ್ಡ ಬಾಟಲಿ ಬರುವುದರಿಂದ ಜನ ಜಾಸ್ತಿ ಇರುವ ಮನೆಗೆ ಅನುಕೂಲ. ಕೆಲಸವೂ ಚೆನ್ನಾಗಿ ಮಾಡುತ್ತದೆ, ಸರಿಯಾಗಿ ಹಚ್ಚಿದರೆ. ತೊಂದರೆ ಇರುವುದು ಉರಿಯಲ್ಲಿ. ಕೆರೆದು ಗಾಯವಾದ ಚರ್ಮಕ್ಕೆ, ಗುಪ್ತಾಂಗಕ್ಕೆ ತಾಗಿದರೆ ಚುರುಗುಟ್ಟುತ್ತದೆ. ಮಕ್ಕಳು ಅತ್ತು ರಂಪ ಮಾಡಿ, ಅರ್ಧಕ್ಕೇ ತೊಳೆಸಿಕೊಂಡುಬಿಡುತ್ತಾರೆ.

ಇನ್ನೊಂದು ತೊಂದರೆ ಸಮಯ. ಒಂದು ರಾತ್ರಿಯಲ್ಲ, 24 ಗಂಟೆ ಮೈಮೇಲೆ ಇರಬೇಕು. ಎರಡು ಅಥವಾ ಮೂರು ದಿನ ಹಚ್ಚಿ ಅಂತ ಚೀಟಿಯಲ್ಲಿ ಬರೆದಿರುತ್ತಾರೆ, ಅದರಂತೆ ಮಾಡಿ. ದೊಡ್ಡವರಿಗೆ ಶೇಕಡಾ 25ರದ್ದು. ಮಕ್ಕಳಿಗೆ ಅಷ್ಟೇ ಪ್ರಮಾಣದ ನೀರು ಬೆರೆಸಿ ಅರ್ಧ ಶಕ್ತಿಗೆ ಇಳಿಸಿಕೊಳ್ಳುತ್ತಾರೆ. ಇನ್ನೂ ಚಿಕ್ಕವರಿಗೆ ಎಷ್ಟು ತೆಳು ಮಾಡಬೇಕು ಅನ್ನುವುದನ್ನು ವೈದ್ಯರೇ ಹೇಳಲಿ, ಅಂದಾಜಿನಲ್ಲಿ ಬೆರೆಸಬೇಡಿ. ಬಸುರಿಯರಿಗೂ ಹಾಲೂಡಿಸುವವರಿಗೂ ಬೇರೆ ಆಯ್ಕೆ ಇರುವಾಗ ಇದು ಬೇಡ.

ಬರೀ ದೊಡ್ಡವರೇ ಇರುವ ಮನೆ, ಚರ್ಮ ಅಷ್ಟೊಂದು ಗಾಯವಾಗಿಲ್ಲ, ದುಡ್ಡಿನ ಕಡೆ ಸ್ವಲ್ಪ ಬಿಗಿ ಅಂದರೆ ಇದು ಒಳ್ಳೆಯ ಆಯ್ಕೆಯೇ.

ಗಂಧಕದ ಮುಲಾಮು

ಹಳೆಯ ಔಷಧಿ, ಮರ್ಯಾದೆ ಕಳೆದುಕೊಂಡಿಲ್ಲ. ಶೇಕಡಾ 5ರಿಂದ 10ರ ಮುಲಾಮನ್ನು ಸತತ ಮೂರು ರಾತ್ರಿ ಹಚ್ಚಬೇಕು. ಕೊಳೆತ ಮೊಟ್ಟೆಯ ವಾಸನೆ, ಜಿಡ್ಡು, ಬಟ್ಟೆಗೆ ಕಲೆ. ಮೂರು ರಾತ್ರಿ ಇದನ್ನು ಸಹಿಸಿಕೊಳ್ಳಲು ದೊಡ್ಡವರಿಗೆ ತಾಳ್ಮೆ ಸಾಲದು. ಆದರೆ ಎರಡು ತಿಂಗಳೊಳಗಿನ ಮಗುವಿಗೆ, ಬಸುರಿಗೆ ಸುರಕ್ಷಿತ ಎನ್ನುವುದೇ ಇದರ ಹಿರಿಮೆ. ಅಷ್ಟು ಚಿಕ್ಕ ಮಗುವಿಗೆ ಏನು ಹಚ್ಚುವುದಿದ್ದರೂ ವೈದ್ಯರಿಗೆ ತೋರಿಸದೆ ಹಚ್ಚಬೇಡಿ.

ಐವರ್ಮೆಕ್ಟಿನ್ ಮಾತ್ರೆ

ನುಂಗಿದರೆ ಆಯಿತು, ಹಚ್ಚುವ ತಾಪತ್ರಯ ಇಲ್ಲ. ಅದಕ್ಕೇ ಎಲ್ಲರಿಗೂ ಇದರ ಮೇಲೆ ಕಣ್ಣು. ತೂಕದ ಕಿಲೋಗೆ 200 ಮೈಕ್ರೋಗ್ರಾಂ ಲೆಕ್ಕ. 60 ಕಿಲೋ ತೂಗುವವರಿಗೆ 12 ಮಿಲಿಗ್ರಾಂ. ಮಾತ್ರೆ ಹುಳವನ್ನು ಕೊಲ್ಲುತ್ತದೆ, ಮೊಟ್ಟೆಯನ್ನಲ್ಲ. ಹಾಗಾಗಿ 7ರಿಂದ 14 ದಿನದೊಳಗೆ ಎರಡನೇ ಡೋಸ್ ಬೇಕೇ ಬೇಕು. ಒಂದು ಡೋಸಿಗೆ ತುರಿಕೆ ತಗ್ಗಿತು ಅಂತ ನಿಲ್ಲಿಸಿದರೆ ಕೆಲಸ ಅರ್ಧಕ್ಕೇ ನಿಂತಿತು.

ಬಸುರಿಯರಿಗೆ, 15 ಕಿಲೋಗಿಂತ ಕಡಿಮೆ ತೂಕದ ಮಕ್ಕಳಿಗೆ ಕೊಡುವುದಿಲ್ಲ. ಹಾಲೂಡಿಸುವವರು, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಅದನ್ನು ವೈದ್ಯರಿಗೆ ಮೊದಲೇ ಹೇಳಬೇಕು. ಈ ಮಾತ್ರೆ ನಿಜಕ್ಕೂ ಉಪಯೋಗಕ್ಕೆ ಬರುವುದು ಎಲ್ಲಿ ಅಂದರೆ, ಹಚ್ಚಿಕೊಡುವವರಿಲ್ಲದ ಒಂಟಿ ವೃದ್ಧರಿಗೆ, ಹತ್ತಾರು ಜನ ಒಟ್ಟಿಗೆ ಇರುವ ಹಾಸ್ಟೆಲಿನಂಥ ಕಡೆ, ಸರಿಯಾಗಿ ಎರಡು ಸುತ್ತು ಕ್ರೀಮ್ ಹಚ್ಚಿದರೂ ಹೋಗದ ಕಜ್ಜಿಗೆ. ಮೈಮೇಲೆ ದಪ್ಪ ಹಕ್ಕಳೆ ಕಟ್ಟುವ ಬಗೆಯೊಂದಿದೆ. ಅದರಲ್ಲಿ ಹುಳ ಸಾವಿರಗಟ್ಟಲೆ, ಕೆಲವೊಮ್ಮೆ ಲಕ್ಷಗಟ್ಟಲೆ ಇರುತ್ತದೆ. ಅದಕ್ಕೆ ಮಾತ್ರೆ, ಕ್ರೀಮ್ ಎರಡೂ ಬೇಕು, ಅದು ಮನೆಯಲ್ಲಿ ನೋಡಿಕೊಳ್ಳುವ ಕಾಯಿಲೆಯೇ ಅಲ್ಲ.

ಇಷ್ಟರ ನಡುವೆ ಒಂದು ಆಯ್ಕೆಯನ್ನು ಮಾತ್ರ ಪಟ್ಟಿಯಿಂದಲೇ ಹೊರಗಿಡಿ: ತುರಿಕೆಗೆಲ್ಲ ಒಂದೇ ಅಂತ ಜನ ಕೇಳಿ ಒಯ್ಯುವ ಸ್ಟೀರಾಯ್ಡ್ ಬೆರೆಸಿದ ಕ್ರೀಮ್. ಹಚ್ಚಿದ ಎರಡೇ ದಿನಕ್ಕೆ ಕೆರೆತ ತಗ್ಗುತ್ತದೆ, ಕೆಂಪೂ ಇಳಿಯುತ್ತದೆ. ಹುಳ ಮಾತ್ರ ಒಳಗೆ ಆರಾಮಾಗಿ ಇರುತ್ತದೆ. ಆಮೇಲೆ ನೋಡಿದ ವೈದ್ಯರಿಗೂ ಇದು ಕಜ್ಜಿ ಅಂತ ಗುರುತು ಹಿಡಿಯುವುದು ಕಷ್ಟ.

ಒಂದು ಮನೆಯ ಲೆಕ್ಕ

ಉದಾಹರಣೆಗೆ ಒಂದು ಮನೆ. 9 ವರ್ಷದ ಹುಡುಗನಿಗೆ ಮೊದಲು ಕೆರೆತ ಶುರುವಾಗಿದೆ, ಅಮ್ಮನಿಗೆ ಈಗ ಸೊಂಟದ ಸುತ್ತ. ಅಪ್ಪನಿಗೆ ಏನೂ ಇಲ್ಲ. ಅಜ್ಜಿಗೆ ಗಂಟುನೋವು, ಕೈ ಸರಿಯಾಗಿ ಮಡಚೋಕಾಗಲ್ಲ. ಬಾಣಂತನಕ್ಕೆ ಬಂದ ಅತ್ತೆ, ಅವರ 5 ವಾರದ ಕೂಸು.

ಹುಡುಗ, ಅಮ್ಮ, ಅಪ್ಪ, ಅತ್ತೆ, ಅಜ್ಜಿ ಐವರಿಗೂ ಪರ್ಮೆಥ್ರಿನ್. ದೊಡ್ಡವರಿಗೆ ಒಂದು ಸುತ್ತಿಗೆ ಸುಮಾರು 30 ಗ್ರಾಂ ಬೇಕು. ದಪ್ಪ ಮೈಯವರಿಗೆ ಇನ್ನೂ ಜಾಸ್ತಿ. 9 ವರ್ಷದವನಿಗೆ 15 ಗ್ರಾಂ ಸಾಕು. ನಾಲ್ಕು ದೊಡ್ಡವರಿಗೆ 120, ಹುಡುಗನಿಗೆ 15, ಒಟ್ಟು 135 ಗ್ರಾಂ. ಎರಡು ಸುತ್ತಿಗೆ 270, ಅಂದರೆ 30 ಗ್ರಾಂನ 9 ಟ್ಯೂಬ್. ಅಜ್ಜಿಗೆ ತಲೆಗೂ ಹಚ್ಚಬೇಕಿರುವುದರಿಂದ 10 ಇಟ್ಟುಕೊಳ್ಳಿ. ಎರಡು ಟ್ಯೂಬ್ ತಂದು ಐದು ಜನ ಹಂಚಿಕೊಂಡರೆ ಯಾರಿಗೂ ಪೂರ್ತಿ ಆಗುವುದಿಲ್ಲ, ಆಮೇಲೆ ಔಷಧಿಯೇ ಸರಿಯಿಲ್ಲ ಅನ್ನುತ್ತಾರೆ.

ಅಜ್ಜಿಗೆ ಅಮ್ಮ ಹಚ್ಚಿಕೊಡುತ್ತಾರೆ. ಅಮ್ಮನಿಗೆ ಪುರುಸೊತ್ತಿಲ್ಲ, ಅಜ್ಜಿ ಒಪ್ಪುವುದಿಲ್ಲ ಅಂತಾದರೆ ಅಜ್ಜಿ ಒಬ್ಬರಿಗೆ ಮಾತ್ರೆ ಆಗುತ್ತದಾ ಅಂತ ವೈದ್ಯರನ್ನು ಕೇಳಿ. ಅತ್ತೆ ಹಾಲೂಡಿಸುವ ಮುನ್ನ ಮೊಲೆತೊಟ್ಟಿನ ಕ್ರೀಮ್ ಚೆನ್ನಾಗಿ ಒರೆಸಿ ತೊಳೆದು, ಕುಡಿಸಿದ ಮೇಲೆ ಮತ್ತೆ ಹಚ್ಚಿಕೊಳ್ಳಬೇಕು. ಕೂಸಿಗೆ ಮಾತ್ರ ಪರ್ಮೆಥ್ರಿನ್ ಅಲ್ಲ, ವೈದ್ಯರು ಬರೆದುಕೊಟ್ಟ ಗಂಧಕದ ಮುಲಾಮು. ಅದಕ್ಕೆ ಮೂರು ರಾತ್ರಿ ಬೇಕಲ್ವಾ, ಮೊದಲ ರಾತ್ರಿ ಮನೆಯವರೆಲ್ಲ ಹಚ್ಚಿಕೊಳ್ಳುವ ರಾತ್ರಿಯೇ ಆಗಿರಲಿ.

ಅಪ್ಪನ ವಿಷಯ ಹೇಳಿದ್ದಾಯಿತು. ಕೆರೆತ ಇಲ್ಲದಿದ್ದರೂ ಅವರಿಗೂ ಪೂರ್ತಿ 30 ಗ್ರಾಂ.

ಬಟ್ಟೆ, ಹಾಸಿಗೆ: ಮೂರು ದಾರಿ

ಇಲ್ಲಿ ಜನ ಬೇಕಾದ್ದಕ್ಕಿಂತ ಜಾಸ್ತಿ ಕೆಲಸ ಮಾಡುತ್ತಾರೆ. ಮೈಯಿಂದ ಬೇರಾದ ಹುಳ ಸಾಮಾನ್ಯವಾಗಿ ಎರಡು ಮೂರು ದಿನಕ್ಕಿಂತ ಹೆಚ್ಚು ಬದುಕುವುದಿಲ್ಲ. ಮಾಮೂಲಿ ಕಜ್ಜಿ ಹರಡುವುದು ಹೆಚ್ಚಾಗಿ ಮೈಗೆ ಮೈ ತಾಗಿ, ಅದೂ ಒಟ್ಟಿಗೆ ಮಲಗುವಂಥ ದೀರ್ಘ ಸ್ಪರ್ಶದಿಂದ. ಹಾಗಾಗಿ ಕಪಾಟಿನಲ್ಲಿ ವಾರದಿಂದ ಮಡಚಿಟ್ಟ ಬಟ್ಟೆಯ ತಂಟೆಗೆ ಹೋಗಬೇಡಿ. ಕಳೆದ ಮೂರು ದಿನದಲ್ಲಿ ಉಟ್ಟಿದ್ದು, ಹೊದ್ದಿದ್ದು, ಮೈ ಒರೆಸಿದ್ದು ಇಷ್ಟೇ ಸಾಕು.

ಮೊದಲ ದಾರಿ ಬಿಸಿನೀರು. 50 ಡಿಗ್ರಿಗಿಂತ ಹೆಚ್ಚಿನ ಶಾಖದಲ್ಲಿ ಹತ್ತು ನಿಮಿಷ ಇದ್ದರೆ ಹುಳವೂ ಮೊಟ್ಟೆಯೂ ಸಾಯುತ್ತವೆ. ವಾಷಿಂಗ್ ಮಷಿನ್‌ನಲ್ಲಿ 60 ಡಿಗ್ರಿ ಇಟ್ಟರೆ ಚಿಂತೆಯಿಲ್ಲ. ಬಕೆಟ್‌ನಲ್ಲಿ ನೆನೆಸುವುದಾದರೆ ನೆನಪಿಡಿ, ಒಂದು ಬೆಡ್‌ಶೀಟ್ ಮುಳುಗಿಸಿದ ಕೂಡಲೇ ನೀರು ತಣಿಯೋಕೆ ಶುರುವಾಗುತ್ತದೆ. ಚೆನ್ನಾಗಿ ಕಾದ ನೀರು ಹಾಕಿ, ಬಟ್ಟೆಯನ್ನು ಕೋಲಿನಿಂದ ಒತ್ತಿ, ಮುಚ್ಚಿಡಿ. ಈ ದಾರಿ ಬೇಗ ಮುಗಿಯುತ್ತದೆ, ಆದರೆ ಇಂಧನ ಜಾಸ್ತಿ ಬೇಕು, ಉಣ್ಣೆ, ರೇಷ್ಮೆಗೆ ಆಗುವುದಿಲ್ಲ. ಮಕ್ಕಳಿರುವ ಮನೆಯಲ್ಲಿ ಬಿಸಿನೀರಿನ ಬಕೆಟ್ ಬೇರೆಯೇ ಅಪಾಯ.

ಎರಡನೆಯದು ಒಣ ಶಾಖ: ಬಿಸಿ ಡ್ರೈಯರ್, ಇಲ್ಲವೇ ಇಸ್ತ್ರಿ. ಡ್ರೈಯರ್ ಇದ್ದರೆ ಸುಲಭ. ಇಸ್ತ್ರಿ ಅಂಗಿ, ಪ್ಯಾಂಟಿಗೆ ಸರಿ, ಹೊಲಿಗೆಯ ಮಡಿಕೆಗಳ ಮೇಲೆ ನಿಧಾನವಾಗಿ ಒತ್ತಬೇಕು. ಕಂಬಳಿ, ರಜಾಯಿಗೆ ಇದು ಕೈಗೂಡದ ಕೆಲಸ.

ಮೂರನೆಯದೇ ನನಗೆ ಇಷ್ಟ, ಯಾಕೆಂದರೆ ಖರ್ಚೇ ಇಲ್ಲ. ಬಟ್ಟೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಬಾಯಿ ಬಿಗಿಯಾಗಿ ಕಟ್ಟಿ, ಒಂದು ವಾರ ಮೂಲೆಗಿಟ್ಟುಬಿಡಿ. ಹುಳಕ್ಕೆ ಮೈ ಸಿಗದೆ ತಾನೇ ಸಾಯುತ್ತದೆ. ಆಮೇಲೆ ತಣ್ಣೀರಲ್ಲೇ ಒಗೆಯಿರಿ. ಆಟದ ಗೊಂಬೆ, ಚಪ್ಪಲಿ, ದಪ್ಪ ಕಂಬಳಿ ಎಲ್ಲಕ್ಕೂ ಆಗುತ್ತದೆ. ಬೇಕಾಗಿರುವುದು ಆ ಒಂದು ವಾರಕ್ಕೆ ಬದಲಿ ಬಟ್ಟೆ. ಇರುವುದೇ ಎರಡು ಬೆಡ್‌ಶೀಟ್ ಅಂದರೆ ಹಾಸುವುದಕ್ಕೆ ಬಿಸಿನೀರು, ಉಳಿದದ್ದಕ್ಕೆ ಚೀಲ ಅಂತ ಹಂಚಿಕೊಳ್ಳಿ. ತಣ್ಣೀರಲ್ಲಿ ಒಗೆದು ಮಾರನೇ ದಿನವೇ ಉಡುವುದನ್ನು ಮಾತ್ರ ನಂಬಬೇಡಿ.

ಕ್ರೀಮ್ ಹಚ್ಚಿದ ರಾತ್ರಿ ಶುದ್ಧ ಬಟ್ಟೆ, ಶುದ್ಧ ಹಾಸು. ಬೆಳಗ್ಗೆ ತೊಳೆದುಕೊಂಡ ಮೇಲೆ ಅವನ್ನೂ ಬದಲಿಸಿ. ಎರಡನೇ ಸುತ್ತಿನಲ್ಲೂ ಹಾಸು, ಟವೆಲ್, ರಾತ್ರಿ ಬಟ್ಟೆ ಇಷ್ಟನ್ನು ಬದಲಿಸಿದರೆ ಸಾಕು. ಹಾಸಿಗೆ, ಸೋಫಾ ಒಗೆಯೋಕಾಗಲ್ಲ. ವ್ಯಾಕ್ಯೂಮ್ ಇದ್ದರೆ ಎಳೆಯಿರಿ, ಇಲ್ಲದಿದ್ದರೆ ಮೂರು ದಿನ ಅದರ ಮೇಲೆ ಮಲಗದೆ ಬಿಡಿ. ಮನೆಗೆಲ್ಲ ಕೀಟನಾಶಕ ಸಿಂಪಡಿಸುವುದು ದಂಡ, ಮಕ್ಕಳ ಉಸಿರಿಗೂ ಕೆಟ್ಟದ್ದು. ನಾಯಿ, ಬೆಕ್ಕಿಗೂ ಔಷಧಿ ಬೇಡ, ಅವುಗಳ ಕಜ್ಜಿಹುಳ ಬೇರೆ, ಮನುಷ್ಯರ ಮೈಮೇಲೆ ಸಂಸಾರ ಹೂಡುವುದಿಲ್ಲ.

ಹೋಯಿತಾ ಇಲ್ಲವಾ, ಹೇಗೆ ತಿಳಿಯುವುದು

ಎರಡು ಸುತ್ತು ಮುಗಿದ ಮೇಲೂ ಎರಡರಿಂದ ನಾಲ್ಕು ವಾರ ಕೆರೆಯಬಹುದು. ಸತ್ತ ಹುಳ ಚರ್ಮದೊಳಗೇ ಇರುತ್ತದೆ, ಅಲರ್ಜಿ ಇಳಿಯೋಕೆ ಹೊತ್ತು ಬೇಕು. ಈ ಹೊತ್ತಿನಲ್ಲಿ ಗಾಬರಿಬಿದ್ದು ದಿನಾ ಕ್ರೀಮ್ ಹಚ್ಚಿದರೆ ಕ್ರೀಮಿನ ಕೆರಳಿಕೆಗೇ ಮತ್ತೆ ತುರಿಕೆ ಏಳುತ್ತದೆ. ಅದಕ್ಕೆ ತುರಿಕೆ ತಗ್ಗಿಸುವ ಮಾತ್ರೆ, ಮೈಗೆ ತೇವಾಂಶದ ಕ್ರೀಮ್ ಕೇಳಿ ಪಡೆಯಿರಿ.

ನೋಡಬೇಕಾದ್ದು ಕೆರೆತವನ್ನಲ್ಲ, ಹೊಸ ಗೆರೆಗಳನ್ನು. ಬೆರಳ ಸಂದಿ, ಮಣಿಕಟ್ಟಿನ ಒಳಭಾಗವನ್ನು ಒಳ್ಳೆಯ ಬೆಳಕಲ್ಲಿ ನೋಡಿ. ಸುರಂಗ ಇದ್ದರೆ ಕೆಲವು ಮಿಲಿಮೀಟರ್ ಉದ್ದದ, ಬೂದು ಬಣ್ಣದ, ಅಂಕುಡೊಂಕಾದ ಗೆರೆ ಕಾಣುತ್ತದೆ. ಅನುಮಾನ ಇದ್ದರೆ ಅದರ ಮೇಲೆ ಶಾಯಿ ಸವರಿ, ಒದ್ದೆ ಬಟ್ಟೆಯಿಂದ ಒರೆಸಿ. ಸುತ್ತಲಿನ ಶಾಯಿ ಹೋಗುತ್ತದೆ, ಸುರಂಗದೊಳಗೆ ಇಳಿದದ್ದು ಸಣ್ಣ ಗೆರೆಯಾಗಿ ಉಳಿಯುತ್ತದೆ. ಗೆರೆ ಮೂಡದಿದ್ದರೆ ಕಜ್ಜಿ ಇಲ್ಲ ಅಂತ ಅರ್ಥವಲ್ಲ, ಮೂಡಿದರೆ ಮಾತ್ರ ಬಲವಾದ ಗುರುತು. ನಾಲ್ಕು ವಾರ ಕಳೆದ ಮೇಲೆ ಹೊಸ ಗೆರೆ, ಹೊಸ ಗುಳ್ಳೆ ಏಳುತ್ತಿದ್ದರೆ ವೈದ್ಯರ ಹತ್ತಿರ ಹೋಗಿ. ಹೋಗುವ ಮುನ್ನ ಯಾರು ಹಚ್ಚಿಕೊಳ್ಳಲಿಲ್ಲ, ಯಾರು ಎರಡನೇ ಸುತ್ತು ಬಿಟ್ಟರು ಅಂತ ಮನೆಯಲ್ಲಿ ಕೇಳಿಕೊಂಡು ಹೋಗಿ, ಅವರು ಮೊದಲು ಕೇಳುವುದೇ ಅದನ್ನು.

ಮಕ್ಕಳನ್ನು ಮೊದಲ ಸುತ್ತು ತೊಳೆದ ಮಾರನೇ ದಿನ ಶಾಲೆಗೆ ಕಳಿಸಬಹುದು, ದೊಡ್ಡವರು ಕೆಲಸಕ್ಕೆ ಹೋಗಬಹುದು. ಕಾಯದೆ ವೈದ್ಯರನ್ನು ಕಾಣಬೇಕಾದ ಸಂದರ್ಭ ಬೇರೆ ಇವೆ: ಕೆರೆದ ಗಾಯದಲ್ಲಿ ಕೀವು, ಜೇನಿನ ಬಣ್ಣದ ಹಕ್ಕಳೆ, ಸುತ್ತ ಬಿಸಿ ಬಾವು, ಜ್ವರ. ಅದು ಕಜ್ಜಿಯ ಮೇಲೆ ಬ್ಯಾಕ್ಟೀರಿಯಾ ಸೇರಿಕೊಂಡದ್ದು, ಅದಕ್ಕೆ ಬೇರೆ ಔಷಧಿ ಬೇಕು. ಅಂಥ ಗಾಯ ಆಗಿದ್ದ ಮಗುವಿನ ಮುಖ ಊದಿಕೊಂಡರೆ, ಮೂತ್ರ ಕೆಂಪಗೆ ಅಥವಾ ಕಡು ಕಂದು ಬಣ್ಣಕ್ಕೆ ತಿರುಗಿದರೆ ಆವತ್ತೇ ತೋರಿಸಿ, ಮೂತ್ರಪಿಂಡಕ್ಕೆ ತಾಗಿರಬಹುದು.